ಅಪ್ಪನ ಆಸ್ತಿ ಭಾಗ ಮಾಡಿಕೊಳ್ಳಲು ಎಷ್ಟು ಖರ್ಚಾಗುತ್ತದೆ? ವಿಭಾಗ ಪತ್ರದ ಲೆಕ್ಕ ಹಾಕುವ ಬಗೆ

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ನಾವು ಭಾಗದ ಮಾತು ತೆಗೆದೆವು. ಆಸ್ತಿ ದೊಡ್ಡದಲ್ಲ. ತಿಪಟೂರಿನಲ್ಲಿ ಒಂದು ಮನೆ, ಹತ್ತಿರದ ಹಳ್ಳಿಯಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ ತೆಂಗಿನ ತೋಟ. ಪರಿಚಯದವರೊಬ್ಬರು ಮನೆ, ತೋಟ ಎರಡರ ಬೆಲೆ ಕೂಡಿಸಿ, ಅದಕ್ಕೆ ಶೇಕಡಾ ಇಷ್ಟು ಎಂದು ಲೆಕ್ಕ ಹಾಕಿ ಮೂರು ಲಕ್ಷಕ್ಕಿಂತ ಜಾಸ್ತಿ ಆಗುತ್ತದೆ ಅಂದರು. ಅದನ್ನು ಕೇಳಿ ತಮ್ಮ ಸುಮ್ಮನಾಗಿಬಿಟ್ಟ. ಆರು ತಿಂಗಳು ಯಾರೂ ಆ ವಿಷಯ ಎತ್ತಲಿಲ್ಲ.

ಆ ಲೆಕ್ಕವೇ ತಪ್ಪು. ಶೇಕಡಾ ಲೆಕ್ಕ ಕ್ರಯ ಪತ್ರಕ್ಕೆ, ಅಂದರೆ ಮಾರಾಟಕ್ಕೆ. ಕುಟುಂಬದವರು ತಮ್ಮ ಆಸ್ತಿಯನ್ನು ತಾವೇ ಹಂಚಿಕೊಳ್ಳುವ ವಿಭಾಗ ಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನಿಲ್ಲುವುದು ಪಾಲಿನ ಮೇಲೆ, ಬೆಲೆಯ ಮೇಲೆ ಅಲ್ಲ. ಮನೆ ಇಪ್ಪತ್ತು ಲಕ್ಷದ್ದಾದರೂ ಅಷ್ಟೇ, ಎರಡು ಕೋಟಿಯದ್ದಾದರೂ ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಭಾಗ ಹಾಗೇ ನಿಂತಿದೆ. ಕೊನೆಗೆ ನಮಗೆ ಎಲ್ಲಾ ಸೇರಿ ಖರ್ಚಾದದ್ದು 52,900 ರೂಪಾಯಿ. ಅದರಲ್ಲಿ ನೋಂದಣಿ ದಿನ ಸರ್ಕಾರಕ್ಕೆ ಕಟ್ಟಿದ್ದು ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಎಲ್ಲಿ ಹೋಯಿತು, ನಿಮ್ಮ ಮನೆಯ ಲೆಕ್ಕವನ್ನು ಮೊದಲೇ ಹೇಗೆ ಹಾಕಿಕೊಳ್ಳಬಹುದು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಜನರನ್ನು ಎಣಿಸಿ, ಆಮೇಲೆ ಪಾಲುಗಳನ್ನು ಎಣಿಸಿ

ಇವೆರಡೂ ಬೇರೆ ಬೇರೆ. ಜನ ಅಂದರೆ ಹಕ್ಕುಳ್ಳವರೆಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ ಆಸ್ತಿಗೆ ವಿಲ್ ಬರೆದಿಡದಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ನಮ್ಮಲ್ಲಿ ಅಜ್ಜಿ ಇರಲಿಲ್ಲ. ಹಾಗಾಗಿ ಅಮ್ಮ, ನಾನು, ತಮ್ಮ, ತಂಗಿ, ನಾಲ್ಕು ಜನ. ತೀರಿಕೊಂಡ ಅಣ್ಣನೋ ಅಕ್ಕನೋ ಇದ್ದರೆ ಅವರ ಪಾಲು ಅವರ ವಾರಸುದಾರರ ಕಡೆಗೆ ಹೋಗುತ್ತದೆ. ಅವರ ಸಹಿಯೂ ಬೇಕು.

ಖಾತೆ ಇನ್ನೂ ತಾತನ ಹೆಸರಲ್ಲೇ ಇದ್ದರೆ ಇಲ್ಲೇ ನಿಂತು ನೋಡಿ. ಅತ್ತೆಯಂದಿರೂ ಅವರ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಮದುವೆಯಲ್ಲಿ ಕೊಟ್ಟಾಗಿದೆ, ಅವರಿಗೇನೂ ಬರಲ್ಲ ಅನ್ನುವ ಮಾತು ಈಗ ನಡೆಯುವುದಿಲ್ಲ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಿತ್ತು ಅನ್ನುವ ತಕರಾರನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತಳ್ಳಿಹಾಕಿತು. ಒಬ್ಬರನ್ನು ಬಿಟ್ಟು ಮಾಡಿದ ಪತ್ರ ಇವತ್ತು ಅಗ್ಗ ಅನ್ನಿಸಬಹುದು. ನಾಳೆ ಅದರ ಮೇಲೆ ದಾವೆ ಬಿದ್ದರೆ ಖರ್ಚಿಗೆ ಲೆಕ್ಕವೇ ಇರುವುದಿಲ್ಲ.

ಇನ್ನು ಪಾಲು. ಪತ್ರದ ಕೊನೆಯಲ್ಲಿ ಎ ಷೆಡ್ಯೂಲ್, ಬಿ ಷೆಡ್ಯೂಲ್ ಎಂದು ಯಾರಿಗೆ ಯಾವ ಸ್ವತ್ತು ಅಂತ ಬರೆಯುತ್ತಾರಲ್ಲ, ಅವೇ ಪಾಲುಗಳು. ಇಬ್ಬರು ಸೇರಿ ಒಂದೇ ಸ್ವತ್ತನ್ನು ಜಂಟಿಯಾಗಿ ಇಟ್ಟುಕೊಂಡರೆ ಅದು ಒಂದು ಪಾಲು. ನಮ್ಮಲ್ಲಿ ಮನೆಯನ್ನು ಅಮ್ಮ ಮತ್ತು ತಮ್ಮ ಒಟ್ಟಿಗೆ ಇಟ್ಟುಕೊಂಡರು. ತೋಟವನ್ನು ನಾನೂ ತಂಗಿಯೂ ಮೂವತ್ತು ಮೂವತ್ತು ಗುಂಟೆ ಹಂಚಿಕೊಂಡೆವು. ಜನ ನಾಲ್ಕು, ಪಾಲು ಮೂರು. ಆದರೆ ಶುಲ್ಕ ಉಳಿಯುತ್ತದೆ ಅಂತ ಜಂಟಿ ಮಾಡಬೇಡಿ. ಅಮ್ಮನ ಹೆಸರಿನ ಅರ್ಧ ಹಕ್ಕು ಮುಂದೆ ಮತ್ತೆ ನಮ್ಮ ಮೂವರ ನಡುವೆ ಬರುತ್ತದೆ ಅನ್ನುವುದನ್ನು ಅವತ್ತೇ ಕೂತು ಮಾತಾಡಿದೆವು.

ಸರ್ಕಾರದ ಶುಲ್ಕ

2024ರ ಫೆಬ್ರವರಿಯಲ್ಲಿ ಮುದ್ರಾಂಕ ದರ ಏರಿತು. ಕುಟುಂಬದ ವಿಭಾಗ ಪತ್ರಕ್ಕೆ ನಗರ, ಪಟ್ಟಣ ವ್ಯಾಪ್ತಿಯ ಮನೆ ಅಥವಾ ನಿವೇಶನವಿದ್ದರೆ ಒಂದು ಪಾಲಿಗೆ 5,000 ರೂಪಾಯಿ. ಮೊದಲು ಇದು 1,000 ಇತ್ತು. ಆ ವ್ಯಾಪ್ತಿಯ ಹೊರಗಿನ ಮನೆ, ನಿವೇಶನಕ್ಕೆ 3,000. ಕೃಷಿ ಜಮೀನಿಗೆ 1,000. ಹಳೆಯ ದರ ನೋಡಿದವರು ಈಗಲೂ ಸಾವಿರ ಅಂತಲೇ ಹೇಳುತ್ತಾರೆ, ಅದನ್ನು ನಂಬಿ ಹೋಗಬೇಡಿ.

ನಮ್ಮ ಹಾಗೆ ಒಂದೇ ಪತ್ರದಲ್ಲಿ ಪಟ್ಟಣದ ಮನೆಯೂ ಹೊಲವೂ ಇದ್ದರೆ, ಜಾಸ್ತಿ ಇರುವ ದರವನ್ನೇ ಎಲ್ಲಾ ಪಾಲಿಗೂ ಹಿಡಿದು ದುಡ್ಡು ಎತ್ತಿಡಿ. ನಮಗೆ ಹಾಗೇ ಬಂತು. ಮೂರು ಪಾಲಿಗೆ 15,000. ನೋಂದಣಿ ಶುಲ್ಕ ಪಾಲಿಗೆ 500ರಂತೆ 1,500. ಸ್ಕ್ಯಾನಿಂಗ್ ಮತ್ತು ನಕಲುಗಳಿಗೆ ಒಂದು ಸಾವಿರ. ಒಟ್ಟು 17,500. ಇದು 2024ರ ಡಿಸೆಂಬರಿನ ಲೆಕ್ಕ. ಆಮೇಲೆ, 2025ರ ಆಗಸ್ಟ್ ಕೊನೆಯಲ್ಲಿ, ಕ್ರಯ ಪತ್ರದ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಿದ್ದಾರೆ. ಹಾಗಾಗಿ ಯಾರ ಬಾಯಿಮಾತನ್ನೂ ನಂಬದೆ, ನನ್ನದನ್ನೂ ಸೇರಿಸಿ, ನೀವು ಹೋಗುವ ವಾರ kaveri.karnataka.gov.in ನಲ್ಲಿ ನಿಮ್ಮ ಪತ್ರಕ್ಕೆ ಎಷ್ಟು ತೋರಿಸುತ್ತದೆ ನೋಡಿ. ಅಲ್ಲಿ ಅರ್ಜಿ ಹಾಕಿದ ಮೇಲೆ ಉಪನೋಂದಣಾಧಿಕಾರಿ ಕಚೇರಿಯವರು ಪರಿಶೀಲಿಸಿ ಕಟ್ಟಬೇಕಾದ ಮೊತ್ತ ತೋರಿಸುತ್ತಾರೆ. ಕಟ್ಟುವುದೂ ಆನ್‌ಲೈನ್‌ನಲ್ಲೇ.

ಅರ್ಜಿಯಲ್ಲಿ ಸ್ವತ್ತಿನ ಮಾರುಕಟ್ಟೆ ಬೆಲೆ ತುಂಬುವ ಜಾಗ ಬಂದಾಗ ಗಾಬರಿಯಾಗಬೇಡಿ. ಬೆಲೆ ಬರೆದರೂ ನಿಮ್ಮ ಶುಲ್ಕ ಪಾಲಿನ ಮೇಲೆಯೇ. ಕಮ್ಮಿ ಬೆಲೆ ಬರೆದರೆ ಉಳಿತಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ಅವರಿಗೆ ವಿಭಾಗ ಪತ್ರದ ಲೆಕ್ಕ ಗೊತ್ತಿಲ್ಲ ಅಂತಲೇ ಅರ್ಥ.

ಒಂದು ಕಡೆ ಮಾತ್ರ ಈ ಸರಳ ಲೆಕ್ಕ ಕೆಡುತ್ತದೆ. ಒಬ್ಬರು ಸ್ವತ್ತೇನೂ ತೆಗೆದುಕೊಳ್ಳದೆ ಬರೀ ದುಡ್ಡು ತೆಗೆದುಕೊಂಡು ಹೊರಗೆ ಹೋದರೆ, ಅದು ಹಕ್ಕು ಬಿಡುಗಡೆ ಪತ್ರದ ಕಡೆಗೆ ವಾಲುತ್ತದೆ. ಅದಕ್ಕೆ ಬೇರೆ ಲೆಕ್ಕ. ಅಂಥ ಸಂದರ್ಭವಿದ್ದರೆ ಪತ್ರ ಬರೆಸುವ ಮೊದಲೇ ವಕೀಲರ ಹತ್ತಿರ ಯಾವ ಪತ್ರ ಸರಿ ಅಂತ ಕೇಳಿ. ಸ್ವತ್ತಿನ ಜೊತೆಗೆ ಪಾಲು ಸರಿದೂಗಿಸಲು ಸ್ವಲ್ಪ ಹಣ ಕೊಡುವುದು ಬೇರೆ ಮಾತು. ಮನೆ ಬೆಲೆ ಜಾಸ್ತಿ ಇತ್ತು ಅಂತ ತಮ್ಮ ನನಗೂ ತಂಗಿಗೂ ಹಣ ಕೊಟ್ಟ. ಅದನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ತಾರೀಕು ಮತ್ತು ವರ್ಗಾವಣೆ ಸಂಖ್ಯೆಯನ್ನು ಪತ್ರದಲ್ಲಿ ಬರೆಸಿದೆವು.

ದುಡ್ಡು ನಿಜವಾಗಿ ಹೋಗುವುದು ಕಾಗದ ಪತ್ರಗಳಿಗೆ

ಪತ್ರ ಬರೆಸುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಮನೆಗೆ ಇ-ಖಾತೆ ಬೇಕು, ಹೊಲದ ಪಹಣಿಯಲ್ಲಿ ನಿಮ್ಮೆಲ್ಲರ ಹೆಸರು ಬೇಕು. ಕಾವೇರಿ ತಂತ್ರಾಂಶ ಮನೆಯ ಮಾಲೀಕರ ಹೆಸರನ್ನು ಇ-ಖಾತೆಯಿಂದ, ಹೊಲದ ಮಾಲೀಕರ ಹೆಸರನ್ನು ಭೂಮಿ ದಾಖಲೆಯಿಂದ ಎಳೆದುಕೊಳ್ಳುತ್ತದೆ. ಅಲ್ಲಿ ಇನ್ನೂ ಅಪ್ಪನ ಹೆಸರೇ ಇದ್ದರೆ ಬರೆದುಕೊಡಲು ನೀವು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಹಾಗಾಗಿ ಮೊದಲು ಪೌತಿ ಖಾತೆ ಮಾಡಿಸಿ, ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ತನ್ನಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲರ ಆಧಾರ್. ಇದರ ಶುಲ್ಕ ಸಣ್ಣದು. ಓಡಾಟ ದೊಡ್ಡದು.

ನಮಗೆ ಎರಡು ಕಡೆ ಅನಿರೀಕ್ಷಿತ ಖರ್ಚು ಬಿತ್ತು. ಒಂದು, ಮನೆ ಕಂದಾಯ. ಅಪ್ಪ ಹುಷಾರಿಲ್ಲದ ವರ್ಷಗಳಲ್ಲಿ ಕಟ್ಟಿರಲಿಲ್ಲ. ಅವರು ಹೋದ ಮೇಲೆ ನಾವೂ ನೀನು ಕಟ್ಟುತ್ತೀಯ ಅಂತ ಒಬ್ಬರ ಮೇಲೊಬ್ಬರು ಬಿಟ್ಟಿದ್ದೆವು. ಬಾಕಿ ತೀರಿಸದೆ ಇ-ಖಾತೆ ಕೆಲಸ ಮುಂದೆ ಹೋಗಲಿಲ್ಲ. ಬಾಕಿ, ದಂಡ, ಇ-ಖಾತೆ ಶುಲ್ಕ ಸೇರಿ 9,400. ನೀವು ಲೆಕ್ಕ ಹಾಕುವಾಗ ಮೊದಲು ನೋಡಬೇಕಾದ ಕಾಗದ ಕೊನೆಯ ಕಂದಾಯ ರಸೀದಿ. ಅದರ ಮೇಲಿನ ವರ್ಷ ನೋಡಿದರೆ ಸಾಕು, ಎಷ್ಟು ಬಾಕಿ ಬರುತ್ತದೆ ಅಂತ ತಿಳಿಯುತ್ತದೆ.

ಎರಡನೆಯದು ಸರ್ವೆ. ಒಂದು ಸರ್ವೆ ನಂಬರಿನ ಪೂರ್ತಿ ಜಮೀನು ಒಬ್ಬರಿಗೇ ಹೋದರೆ ತೊಂದರೆಯಿಲ್ಲ. ತುಂಡು ಮಾಡಿ ಹಂಚಿಕೊಂಡರೆ ಯಾವ ತುಂಡು ಯಾರದು ಅಂತ ತೋರಿಸುವ 11ಇ ನಕ್ಷೆ ಬೇಕು. ಅದಿಲ್ಲದೆ ನೋಂದಣಿ ಆಗುವುದಿಲ್ಲ. ಅರ್ಜಿ ಹಾಕಿ, ಸರ್ವೆಯರ್ ಬಂದು ಅಳೆದು, ನಕ್ಷೆ ಕೈಗೆ ಬರುವ ಹೊತ್ತಿಗೆ ನಮಗೆ ಮೂರು ತಿಂಗಳು ಹಿಡಿಯಿತು. ಶುಲ್ಕ, ಅಳತೆ ದಿನದ ಆಳುಗಳ ಕೂಲಿ, ಮೂಲೆಗೆ ನೆಡುವ ಕಲ್ಲು, ಎಲ್ಲಾ ಸೇರಿ 4,500. ಅಳತೆ ದಿನ ಇಬ್ಬರೂ ಪಾಲುದಾರರು ಹೊಲದಲ್ಲಿ ನಿಂತಿರಬೇಕು. ನಮ್ಮ ತೋಟದಲ್ಲಿ ಬಾವಿ ಒಂದೇ. ಗೆರೆ ನೇರ ಎಳೆದಿದ್ದರೆ ಬಾವಿ ಪೂರ್ತಿ ನನ್ನ ಕಡೆಗೆ ಬರುತ್ತಿತ್ತು. ತಂಗಿ ಅಲ್ಲೇ ಇದ್ದದ್ದರಿಂದ ಬಾವಿಯನ್ನೂ, ಬಾವಿಗೆ ಹೋಗುವ ನಾಲ್ಕಡಿ ದಾರಿಯನ್ನೂ ಇಬ್ಬರಿಗೂ ಸೇರಿದ್ದು ಅಂತ ಬಿಟ್ಟೆವು. ಪತ್ರದಲ್ಲೂ ಹಾಗೇ ಬರೆಸಿದೆವು.

ಪಟ್ಟಣದ ಮನೆಯನ್ನೇ ಎರಡು ತುಂಡು ಮಾಡುವ ಯೋಚನೆಯಿದ್ದರೆ ಇನ್ನೂ ಹುಷಾರಾಗಿರಿ. ಗೋಡೆ ಹಾಕಿಕೊಳ್ಳುವುದು ಸುಲಭ. ಆ ತುಂಡಿಗೆ ಬೇರೆ ಇ-ಖಾತೆ ಕೊಡುತ್ತಾರಾ ಅನ್ನುವುದನ್ನು ನಗರಸಭೆಯಲ್ಲಿ ಮೊದಲೇ ವಿಚಾರಿಸಿ. ಕೊಡದಿದ್ದರೆ ಪತ್ರ ನೋಂದಣಿಯೇ ನಿಲ್ಲುತ್ತದೆ, ಅಷ್ಟರಲ್ಲಿ ವಕೀಲರಿಗೆ ಕೊಟ್ಟ ದುಡ್ಡು ಹೋಗಿರುತ್ತದೆ. ನಾವು ಮನೆಯನ್ನು ಒಡೆಯದೆ ಇಡೀ ಒಂದು ಪಾಲಿಗೆ ಬಿಟ್ಟದ್ದು ಇದೇ ಕಾರಣಕ್ಕೆ.

ಹೆಸರಿನ ವ್ಯತ್ಯಾಸವೂ ಒಂದು ಕಾಟ. ಪಹಣಿಯಲ್ಲಿ ಅಪ್ಪನ ಇನಿಷಿಯಲ್ ಒಂದು, ಮನೆ ಖಾತೆಯಲ್ಲಿ ಇನ್ನೊಂದು. ಎರಡೂ ಒಬ್ಬರೇ ಅಂತ ಪ್ರಮಾಣಪತ್ರ ಬರೆದು ನೋಟರಿ ಮಾಡಿಸಬೇಕಾಯಿತು. ಇದು, ವಂಶವೃಕ್ಷ, ಪಹಣಿ ನಕಲುಗಳು, ಋಣಭಾರ ಪ್ರಮಾಣಪತ್ರ (ನಾವೆಲ್ಲ ಇಸಿ ಅನ್ನುವುದು) ಎಲ್ಲಕ್ಕೂ 1,300. ಇಸಿಯನ್ನು ತಪ್ಪದೆ ತೆಗೆಸಿ. ಅಪ್ಪ ಯಾವಾಗಲೋ ಮನೆ ಮೇಲೆ ಸಾಲ ಮಾಡಿ ತೀರಿಸಿದ್ದರೂ, ಆ ಅಡಮಾನ ದಾಖಲೆಯಲ್ಲಿ ಬಿಡುಗಡೆಯಾಗದೆ ಉಳಿದಿರಬಹುದು. ಅದು ಯಾರ ಪಾಲಿನ ತಲೆಗೆ ಕಟ್ಟುತ್ತೀರಿ?

ವಕೀಲರ ಫೀಸು

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಫೀಸು ಕೆಲಸದ ಮೇಲೋ, ಆಸ್ತಿ ಬೆಲೆಯ ಮೇಲೋ? ಆಸ್ತಿಯ ಶೇಕಡಾ ಇಷ್ಟು ಅಂದರೆ ಒಪ್ಪಬೇಡಿ. ಪತ್ರ ಬರೆಯುವ ಕೆಲಸ ಸ್ವತ್ತಿನ ಬೆಲೆಯಿಂದ ಜಾಸ್ತಿಯಾಗುವುದಿಲ್ಲ. ಷೆಡ್ಯೂಲು ಎಷ್ಟು, ಹಳೆಯ ದಾಖಲೆ ಎಷ್ಟು ಅನ್ನುವುದರಿಂದ ಆಗುತ್ತದೆ. ನಾವು ಮೂರು ಕಡೆ ಕೇಳಿದೆವು. ಒಬ್ಬರು ಬರೀ ಬರವಣಿಗೆಗೆ 5,000 ಅಂದರು. ಒಬ್ಬರು ಶೇಕಡಾ ಲೆಕ್ಕ ಹೇಳಿದರು. ಮೂರನೆಯವರು ಹಳೆ ಪತ್ರ ನೋಡುವುದು, ಕರಡು, ತಿದ್ದುಪಡಿ, ಕಾವೇರಿಯಲ್ಲಿ ಅರ್ಜಿ ಹಾಕುವುದು, ನೋಂದಣಿ ದಿನ ಜೊತೆಗೆ ಬರುವುದು ಎಲ್ಲಾ ಸೇರಿ 12,000 ಅಂದರು. ಯಾವುದಕ್ಕೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದೂ ಕೊಟ್ಟರು. ಅವರನ್ನೇ ಒಪ್ಪಿಕೊಂಡೆವು. ಕಚೇರಿ ಖರ್ಚು ಅಂತ ಯಾವ ವಿವರವೂ ಇಲ್ಲದ ಸಾಲು ಬಂದರೆ ಅದೇನು ಅಂತ ಕೇಳಿ. ಸರ್ಕಾರಕ್ಕೆ ಹೋಗುವ ಪ್ರತಿ ರೂಪಾಯಿಗೂ ರಸೀದಿ ಇರುತ್ತದೆ.

ಕರಡು ಬಂದ ಮೇಲೆ ಎಲ್ಲರೂ ಓದಬೇಕು. ನೋಂದಣಿಯ ಹಿಂದಿನ ರಾತ್ರಿ ತಂಗಿ ಪುಣೆಯಿಂದ ಬಂದವಳು ಊಟವಾದ ಮೇಲೆ ಕರಡು ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ, "ಅಣ್ಣಾ, ನನ್ನ ತುಂಡಿನ ಪೂರ್ವಕ್ಕೆ ನಿನ್ನ ಜಮೀನು ಅಂತಿದೆ. ನಿನ್ನದರ ಪೂರ್ವಕ್ಕೂ ನನ್ನ ಜಮೀನು ಅಂತಿದೆಯಲ್ಲ?" ಅಂದಳು. ಚಕ್ಕುಬಂದಿ ಅದಲು ಬದಲಾಗಿತ್ತು. ನಾನು ನಾಲ್ಕು ಸಲ ಓದಿದ್ದೆ, ಕಂಡಿರಲಿಲ್ಲ. ಅವಳು 11ಇ ನಕ್ಷೆಯನ್ನು ಪಕ್ಕಕ್ಕಿಟ್ಟು, ಒಂದೊಂದು ದಿಕ್ಕಿಗೂ ಬೆರಳಿಟ್ಟು ಓದಿದ್ದಳು. ನೀವೂ ಹಾಗೇ ಓದಿ. ನೋಂದಣಿಯಾದ ಮೇಲೆ ಇದು ಗೊತ್ತಾಗಿದ್ದರೆ ತಿದ್ದುಪಡಿ ಪತ್ರ ಮಾಡಿಸಬೇಕಿತ್ತು. ಅದಕ್ಕೆ ಮತ್ತೆ ಶುಲ್ಕ, ಮತ್ತೆ ನಾಲ್ಕೂ ಜನರ ಸಹಿ, ಪುಣೆಯಿಂದ ಮತ್ತೊಂದು ಪ್ರಯಾಣ.

ದೂರದಲ್ಲಿರುವವರು

ತಂಗಿಯ ಎರಡು ಸಲದ ಬರುಹೋಗಿಗೆ, ಅಳತೆಗೆ ಒಂದು, ನೋಂದಣಿಗೆ ಒಂದು, 6,200 ಆಯಿತು. ಅದನ್ನೂ ಒಟ್ಟು ಖರ್ಚಿಗೇ ಸೇರಿಸಿ ಹಂಚಿಕೊಂಡೆವು. ಮದುವೆಯಾಗಿ ದೂರ ಹೋದವಳು ತನ್ನ ಪಾಲಿಗೆ ತಾನೇ ಖರ್ಚು ಮಾಡಿಕೊಂಡು ಬರಲಿ ಅನ್ನುವುದು ನ್ಯಾಯವಲ್ಲ ಅನ್ನುವುದು ಅಮ್ಮನ ಮಾತು. ನನಗೂ ಸರಿ ಅನ್ನಿಸಿತು.

ಯಾರಾದರೂ ವಿದೇಶದಲ್ಲಿದ್ದರೆ ಅಧಿಕಾರ ಪತ್ರ ಕಳಿಸಬಹುದು. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲೋ ನೋಟರಿಯ ಮುಂದೆಯೋ ಸಹಿ ಮಾಡಬೇಕು. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಮೂರು ತಿಂಗಳ ಗಡುವನ್ನು ಬಹಳ ಜನ ಮರೆಯುತ್ತಾರೆ. ಅಧಿಕಾರ ಪತ್ರ ಕೈಗೆ ಬಂದ ಕೂಡಲೇ ಶುಲ್ಕ ಕಟ್ಟಿಬಿಟ್ಟರೆ ಆ ತೊಂದರೆ ಇರುವುದಿಲ್ಲ.

ಛಾಪಾ ಕಾಗದದ ಪಾರಿಕತ್ತು ಸಾಕಾಗದು

ಇಷ್ಟೆಲ್ಲ ಯಾಕೆ, ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದುಕೊಂಡರೆ ಆಗಲ್ವಾ ಅಂತ ನಮ್ಮಲ್ಲೂ ಕೇಳಿದರು. ಸ್ಥಿರಾಸ್ತಿ ಹಂಚುವ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಮಾಡಿಸದ ಪತ್ರ ನಿಮಗೆ ಹಕ್ಕು ಕೊಡುವುದಿಲ್ಲ, ಅದರ ಮೇಲೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಎಂದಾದರೂ ಅದನ್ನು ಕೋರ್ಟಿನಲ್ಲಿ ಹಾಜರು ಮಾಡಿದರೆ ಕಡಿಮೆ ಬಿದ್ದ ಮುದ್ರಾಂಕ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ದಂಡ ಬೀಳುತ್ತದೆ. ಸಹಿ ಹಾಕಿದ ಮೇಲೆ ನೋಂದಣಿಗೆ ನಾಲ್ಕು ತಿಂಗಳ ಕಾಲಾವಕಾಶವಿದೆ. ಅದು ಮೀರಿದರೂ ದಂಡ. ಎಲ್ಲರೂ ಒಂದೇ ದಿನ ಕಚೇರಿಯಲ್ಲೇ ಸಹಿ ಮಾಡಿದರೆ ಆ ಚಿಂತೆಯೇ ಇಲ್ಲ.

ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಿದರೂ ಈ ಶುಲ್ಕ ತಪ್ಪುವುದಿಲ್ಲ. ಅಂತಿಮ ಡಿಕ್ರಿಯನ್ನೂ ವಿಭಾಗ ಪತ್ರ ಎಂದೇ ಎಣಿಸಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ವಕೀಲರ ಫೀಸು ಅದರ ಮೇಲೆ.

ನಮ್ಮ ಒಟ್ಟು ಲೆಕ್ಕ

- ಮುದ್ರಾಂಕ ಶುಲ್ಕ, ಮೂರು ಪಾಲಿಗೆ: 15,000
- ನೋಂದಣಿ ಶುಲ್ಕ: 1,500
- ಸ್ಕ್ಯಾನಿಂಗ್, ನಕಲು: 1,000
- ವಕೀಲರು: 12,000
- ಕಂದಾಯ ಬಾಕಿ ಮತ್ತು ಇ-ಖಾತೆ: 9,400
- 11ಇ ನಕ್ಷೆ ಮತ್ತು ಅಳತೆ: 4,500
- ವಂಶವೃಕ್ಷ, ಪಹಣಿ, ಇಸಿ, ನೋಟರಿ: 1,300
- ತಂಗಿಯ ಪ್ರಯಾಣ: 6,200
- ನೋಂದಣಿಯಾದ ಮೇಲೆ ಖಾತೆ ಬದಲಾವಣೆ, ಓಡಾಟ: 2,000

ಒಟ್ಟು 52,900. ಬರೀ ಹೊಲ ಇರುವ ಮನೆಯಾದರೆ ಮೊದಲ ಸಾಲು ಪಾಲಿಗೆ ಸಾವಿರದಂತೆ ಮೂರು ಸಾವಿರಕ್ಕೆ ಇಳಿಯುತ್ತದೆ, ಸರ್ವೆ ಖರ್ಚು ಏರುತ್ತದೆ. ಬರೀ ಪಟ್ಟಣದ ಮನೆಯಾದರೆ ಸರ್ವೆಯ ಸಾಲು ಹೋಗುತ್ತದೆ. ನಿಮ್ಮ ಹಾಳೆಯಲ್ಲೂ ಇದೇ ಸಾಲುಗಳನ್ನು ಬರೆದುಕೊಂಡು ಒಂದೊಂದಕ್ಕೂ ವಿಚಾರಿಸಿ ತುಂಬಿ. ಕಂದಾಯ ಮತ್ತು ಸರ್ವೆ ಎರಡು ಸಾಲಿಗೆ ಮಾತ್ರ ಕೈಗೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ಇನ್ನೊಂದು ಖರ್ಚನ್ನು ನಾವು ಕೊನೇ ಗಳಿಗೆಯಲ್ಲಿ ಯೋಚಿಸಿದೆವು. ಮೂಲ ಪತ್ರ ಒಂದೇ, ಪಾಲುದಾರರು ಮೂರು ಕಡೆ. ಅಸಲು ಯಾರ ಹತ್ತಿರ ಇರಬೇಕು? ಪಾಲಿನ ಮೇಲೆ ಸಾಲ ತೆಗೆಯುವ ಯೋಚನೆ ಇರುವವರಿಗೆ ಬ್ಯಾಂಕು ಅಸಲನ್ನೇ ಕೇಳುತ್ತದೆ. ಬೇಕೆಂದರೆ ಅಸಲಿನ ಜೊತೆಗೇ ಎರಡನೇ ಪ್ರತಿಯನ್ನೂ ಸಹಿ ಮಾಡಿ ನೋಂದಾಯಿಸಬಹುದು, ಅದಕ್ಕೆ ಪ್ರತ್ಯೇಕ ಶುಲ್ಕ. ನಮ್ಮಲ್ಲಿ ತಮ್ಮನಿಗೆ ಮನೆ ರಿಪೇರಿಗೆ ಸಾಲ ಬೇಕಿತ್ತು. ಹಾಗಾಗಿ ಅಸಲು ಅವನ ಹತ್ತಿರ ಇರುತ್ತದೆ, ನಾನೋ ತಂಗಿಯೋ ಕೇಳಿದಾಗ ತಂದು ತೋರಿಸಬೇಕು ಅಂತ ಪತ್ರದಲ್ಲೇ ಒಂದು ಸಾಲು ಬರೆಸಿದೆವು. ನಾವಿಬ್ಬರೂ ದೃಢೀಕೃತ ನಕಲು ತೆಗೆದುಕೊಂಡೆವು. ತೋಟದ ಮ್ಯುಟೇಷನ್ ಆಗಿ ಹೊಸ ಪಹಣಿಯಲ್ಲಿ ನಮ್ಮ ಹೆಸರು ಬೇರೆ ಬೇರೆ ಬಂದದ್ದನ್ನು ನೋಡುವವರೆಗೂ ಕಡತ ಮುಚ್ಚಲಿಲ್ಲ. ನೀವೂ ಒಂದೆರಡು ತಿಂಗಳು ಬಿಟ್ಟು ಪಹಣಿ ತೆಗೆಸಿ, ಹೆಸರು ಮತ್ತು ಗುಂಟೆ ಎರಡನ್ನೂ ಪತ್ರದ ಜೊತೆ ತಾಳೆ ನೋಡಿ.